‘ನಿಮ್ಮ ಕೋರಿಕೆಯನ್ನು ಗಮನಿಸಲಾಗಿದೆ’ ಎಂಬ ಉತ್ತರವನ್ನು ನಂಬಿ ಪಟ್ಟ ಪಾಡು

ಕಳೆದ ಫೆಬ್ರವರಿಯಲ್ಲಿ ಸಂಬಂಧಿಕರ ಮದುವೆಗೆಂದು ಮೈಸೂರಿಗೆ ಹೋಗುವುದಿತ್ತು. ನನ್ನ ಅಕ್ಕನಿಗೆ ಮೈಗ್ರೇನ್ ಇದೆ. ರೂಮ್ ಫ್ರೆಶ್‌ನರ್, ಸೆಂಟು, ಊದುಬತ್ತಿಯ ಹೊಗೆ ಇವುಗಳಲ್ಲಿ ಯಾವುದು ತಗುಲಿದರೂ ಅರ್ಧ ಗಂಟೆಯೊಳಗೆ ತಲೆಯ ಒಂದು ಬದಿ ಸಿಡಿಯತೊಡಗುತ್ತದೆ. ಆದ್ದರಿಂದ ಎರಡು ರಾತ್ರಿಗೆ ಕೋಣೆ ಕಾಯ್ದಿರಿಸಿದ ಕೂಡಲೇ ಹೋಟೆಲಿಗೆ ಒಂದು ಇಮೇಲ್ ಬರೆದೆ: “ಅಕ್ಕನಿಗೆ ಮೈಗ್ರೇನ್ ಇರುವುದರಿಂದ ಕೋಣೆಯಲ್ಲಿ ಯಾವ ವಾಸನೆಯೂ ಇರದಂತೆ ನೋಡಿಕೊಂಡು, ಸ್ವಚ್ಛವಾದ ಕೋಣೆಯನ್ನು ಕೊಡಬೇಕಾಗಿ ವಿನಂತಿ.” ಮರುದಿನವೇ ಉತ್ತರ ಬಂತು: “ನಿಮ್ಮ ಕೋರಿಕೆಯನ್ನು ಗಮನಿಸಲಾಗಿದೆ.” ನಾನು ನಿಶ್ಚಿಂತನಾದೆ.

ಬಾಗಿಲು ತೆರೆದಾಗ ನಿಂಬೆಹಣ್ಣಿನ ಕೃತಕ ಪರಿಮಳ ಗಪ್ಪೆಂದು ಮೂಗಿಗೆ ಬಡಿಯಿತು. ಕೋಣೆ ಸಿದ್ಧಪಡಿಸಿದ ಹುಡುಗ ಹಿಂದೆಯೇ ನಿಂತಿದ್ದ. “ವಾಸನೆ ಇರಬಾರದು ಅಂತ ಹೇಳಿದ್ರು ಸಾರ್, ಅದಕ್ಕೇ ಎರಡು ಸಲ ಸ್ಪ್ರೇ ಹೊಡೆದಿದ್ದೀನಿ” ಎಂದು ಅವನು ಬಹಳ ಸಂತೋಷದಿಂದಲೇ ಹೇಳಿದ. ಅವನ ಮೇಲೆ ಸಿಟ್ಟಾಗಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ತಪ್ಪು ನನ್ನ ಪದದಲ್ಲೇ ಇತ್ತು. ಆಡುಮಾತಿನಲ್ಲಿ ‘ವಾಸನೆ’ ಎಂದರೆ ಹೆಚ್ಚಾಗಿ ದುರ್ವಾಸನೆ ಎಂದೇ ಅರ್ಥ. ಅದರ ಪಕ್ಕದಲ್ಲಿ ‘ಸ್ವಚ್ಛ’ ಎಂಬ ಪದವನ್ನೂ ಸೇರಿಸಿದರೆ, ಕೋಣೆ ಗುಡಿಸುವವರಿಗೆ ಅದು ಘಮಘಮಿಸುವಂತೆ ಮಾಡಿ ಎಂಬ ಅಪ್ಪಣೆಯೇ ಸರಿ.

ಬೇರೆ ಕೋಣೆ ಕೇಳಿದೆವು. ಅಲ್ಲಿ ಸ್ಪ್ರೇ ಇರಲಿಲ್ಲವಾದರೂ ಕಪಾಟಿನಲ್ಲಿಯೂ ಕೈತೊಳೆಯುವ ಬೇಸಿನ್‌ನಲ್ಲಿಯೂ ನ್ಯಾಫ್ತಲಿನ್ ಗುಳಿಗೆಗಳಿದ್ದವು, ದಿಂಬಿನ ಚೀಲದಲ್ಲಿ ಬಟ್ಟೆ ಮೃದುಗೊಳಿಸುವ ದ್ರಾವಣದ ಹೂವಿನ ವಾಸನೆಯಿತ್ತು. ಗುಳಿಗೆಗಳನ್ನು ತೆಗೆಸಿ ಏಸಿ ಹಾಕಿಕೊಂಡದ್ದು ನಾವು ಮಾಡಿದ ಎರಡನೆಯ ತಪ್ಪು. ಗೋಡೆಗೆ ಹಾಕುವ ಸಾಮಾನ್ಯ ಏಸಿ ಹೊರಗಿನ ಗಾಳಿಯನ್ನು ತರುವುದಿಲ್ಲ, ಕೋಣೆಯೊಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ. ಪರದೆಗೂ ಹಾಸಿಗೆಗೂ ಹಿಡಿದ ವಾಸನೆ ಅದರಿಂದ ಹೋಗುವುದಿಲ್ಲ. ಸಂಜೆ ಆರೂವರೆಗೆ ಕೆಳಗಿನ ಹಜಾರದಲ್ಲಿ ಸಾಂಬ್ರಾಣಿ ಹಾಕಿದರು, ಹೊಗೆ ಮೆಟ್ಟಿಲು ಹತ್ತಿ ಬಂತು. ಅಕ್ಕ ಎರಡು ಸಲ ವಾಂತಿ ಮಾಡಿಕೊಂಡು, ರಾತ್ರಿಯ ಬಹುಪಾಲು ಕಾರಿನ ಹಿಂಬದಿಯ ಸೀಟಿನಲ್ಲಿ ಗಾಜುಗಳನ್ನಿಳಿಸಿಕೊಂಡು ಮಲಗಿದ್ದಳು. ಮುಹೂರ್ತ ತಪ್ಪಿತು. ರದ್ದು ಮಾಡಿದರೆ ಹಣ ವಾಪಸಿಲ್ಲದ ಬುಕಿಂಗ್ ಆದ್ದರಿಂದ ಎರಡನೆಯ ರಾತ್ರಿಯ ಬಾಡಿಗೆಯೂ ಹೋಯಿತು.

ಆಮೇಲೆ ವಿಚಾರಿಸಿದಾಗ ತಿಳಿದದ್ದು ಇಷ್ಟು: ನನ್ನ ಇಮೇಲ್ ಬುಕಿಂಗ್ ನೋಡಿಕೊಳ್ಳುವ ವಿಭಾಗಕ್ಕೆ ಹೋಗಿತ್ತು, ಅಲ್ಲಿಂದ ಕೋಣೆ ಸಿದ್ಧಪಡಿಸುವವರಿಗೆ ದಾಟಿದ್ದು ಫೋನಿನಲ್ಲಿ ಹೇಳಿದ ಅರ್ಧ ವಾಕ್ಯ ಮಾತ್ರ. ಹಾಗಾಗಿ ಕಾಯಿಲೆಯ ಹೆಸರು ಬರೆದರೆ ಸಾಲದು, ಯಾವ ವಸ್ತುವನ್ನು ಬಳಸಬಾರದು ಎಂಬುದನ್ನೇ ಬರೆಯಬೇಕು. ಮೂರು ತಿಂಗಳ ಬಳಿಕ ಇನ್ನೊಂದು ಊರಿನ ಹೋಟೆಲಿಗೆ ನಾನು ಹೀಗೆ ಬರೆದೆ:

“ಈ ಪತ್ರವನ್ನು ದಯವಿಟ್ಟು ಹೌಸ್‌ಕೀಪಿಂಗ್ ಮೇಲ್ವಿಚಾರಕರಿಗೆ ತಲುಪಿಸಿ. ಸುಗಂಧ ದ್ರವ್ಯಗಳಿಂದ ಅತಿಥಿಗೆ ತೀವ್ರ ತಲೆನೋವು ಮತ್ತು ವಾಂತಿಯಾಗುತ್ತದೆ. ನಾವು ಬರುವ ಎರಡು ದಿನ ಮೊದಲಿನಿಂದ ಕೋಣೆಯಲ್ಲಿ ರೂಮ್ ಫ್ರೆಶ್‌ನರ್, ಊದುಬತ್ತಿ, ಸೊಳ್ಳೆ ಓಡಿಸುವ ದ್ರವ, ನ್ಯಾಫ್ತಲಿನ್ ಗುಳಿಗೆ, ಪರಿಮಳದ ಫಿನೈಲ್ ಇವುಗಳನ್ನು ಬಳಸಬೇಡಿ. ನೆಲವನ್ನು ಬರಿಯ ನೀರಿನಿಂದ ಒರೆಸಿದರೆ ಸಾಕು. ಹಾಸು ಹೊದಿಕೆಗಳನ್ನು ನಾವೇ ತರುತ್ತೇವೆ. ತೆರೆಯುವ ಕಿಟಕಿಯಿರುವ, ಹಜಾರದಿಂದ ದೂರದ ಕೋಣೆ ಬೇಕು. ಇವುಗಳಲ್ಲಿ ಯಾವುದು ಸಾಧ್ಯವಿಲ್ಲ ಎಂಬುದನ್ನು ಈಗಲೇ ತಿಳಿಸಿದರೆ ಉಪಕಾರವಾಗುತ್ತದೆ.”

ಕೊನೆಯ ವಾಕ್ಯವೇ ಹೆಚ್ಚು ಕೆಲಸ ಮಾಡಿತು. ಅದಕ್ಕೆ ‘ಗಮನಿಸಲಾಗಿದೆ’ ಎಂದು ಉತ್ತರಿಸಲು ಬರುವುದಿಲ್ಲ. “ಕಾರಿಡಾರಿನಲ್ಲಿ ಬೆಳಿಗ್ಗೆ ಫಿನೈಲ್ ಹಾಕುವುದನ್ನು ನಿಲ್ಲಿಸಲಾಗದು, ಉಳಿದದ್ದು ಆಗುತ್ತದೆ” ಎಂದು ಅವರು ಬರೆದರು. ನಾವು ಬಾಗಿಲಿನ ಸಂದಿಗೆ ಒದ್ದೆ ಟವಲ್ ಒತ್ತಿಟ್ಟು ಕಿಟಕಿ ತೆರೆದುಕೊಂಡೆವು. ಬುಕಿಂಗ್ ಮಾತ್ರ ರದ್ದು ಮಾಡಬಹುದಾದದ್ದನ್ನೇ, ಸ್ವಲ್ಪ ಹೆಚ್ಚು ಹಣ ಕೊಟ್ಟು, ಮಾಡಿದ್ದೆ.

ಇನ್ನೊಂದು ವಿಷಯ. ‘ವಾಸನೆರಹಿತ’ ಎಂದು ಬರೆದ ಶುಚಿಕಾರಕವನ್ನೇ ಬಳಸುತ್ತೇವೆ ಎಂದು ಹೋಟೆಲಿನವರು ಹೇಳಿದರೆ ಪೂರ್ತಿ ನಂಬಬೇಡಿ. ರಾಸಾಯನಿಕದ ವಾಸನೆಯನ್ನು ಮುಚ್ಚಲು ಅಂಥವುಗಳಲ್ಲಿಯೂ ಕೆಲವೊಮ್ಮೆ ಸುಗಂಧ ಸೇರಿಸಿರುತ್ತಾರೆ. ಈಗ ನಾವು ಸಾಮಾನನ್ನು ಕಾರಿನಲ್ಲೇ ಬಿಟ್ಟು, ಮೊದಲು ನಾನೊಬ್ಬನೇ ಮೇಲೆ ಹೋಗಿ ಕಪಾಟು, ಬಚ್ಚಲುಮನೆ, ದಿಂಬು, ಪರದೆ ಇಷ್ಟನ್ನೂ ಮೂಸಿ ನೋಡಿ ಬರುತ್ತೇನೆ. ಅಕ್ಕ ಕೆಳಗೆ, ಬಯಲಲ್ಲಿ ನಿಂತಿರುತ್ತಾಳೆ.