ಎರಡು ಸರಳಿನ ಫಿನ್ ಉಪಕರಣ: ಮೂರು ವರ್ಷ ಬಳಸಿದ ಮೇಲೆ

ಲೋಹದ ಉಷ್ಣ ವಾಹಕತೆ ಅಳೆಯುವ ಈ ಉಪಕರಣದಲ್ಲಿ ಒಂದೇ ಹೀಟರ್ ಬ್ಲಾಕ್‌ನಿಂದ ಎರಡು ಸರಳುಗಳು ಅಡ್ಡಡ್ಡಲಾಗಿ ಹೊರಚಾಚಿವೆ. ಪ್ರತಿಯೊಂದರ ವ್ಯಾಸ 10 ಮಿ.ಮೀ., ಉದ್ದ 1 ಮೀಟರ್. ಬುಡದಿಂದ 50 ಮಿ.ಮೀ.ಗೆ ಮೊದಲ ತೂತು, ಆಮೇಲೆ ಪ್ರತಿ 50ಕ್ಕೆ ಒಂದರಂತೆ 500ರವರೆಗೆ ಹತ್ತು ತೂತುಗಳು, ಅವುಗಳಲ್ಲಿ ತಾಪಮಾನ ಅಳೆಯುವ ಕೆ-ಮಾದರಿಯ ಥರ್ಮೋಕಪಲ್‌ಗಳು. ಹೀಟರ್‌ನ ವೋಲ್ಟೇಜ್ ಹೆಚ್ಚು-ಕಡಿಮೆ ಮಾಡಲು ವೇರಿಯಾಕ್. ಒಂದು ಸರಳು ವಾಹಕತೆ ಗೊತ್ತಿರುವ ಅಲ್ಯೂಮಿನಿಯಂ ಮಿಶ್ರಲೋಹ, ಇನ್ನೊಂದು ಪರೀಕ್ಷೆಗೆ ಬಂದ ಲೋಹ. ಉಪಕರಣ ಚೆನ್ನಾಗಿದೆ, ಅದರ ಜೊತೆ ಬರುವ ಕೈಪಿಡಿ ಮಾತ್ರ ದಾರಿ ತಪ್ಪಿಸುತ್ತದೆ.

ಕೈಪಿಡಿ ಹೇಳುವುದು ಒಂದೇ ಸರಳಿನ ಲೆಕ್ಕ. ಉದ್ದ ಸರಳಿನಲ್ಲಿ ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚಿದೆ ಎಂಬ ವ್ಯತ್ಯಾಸ θ, ಬುಡದಿಂದ ದೂರ ಹೋದಂತೆ e^(−mx) ಆಗಿ ಇಳಿಯುತ್ತದೆ. ln θ ಗ್ರಾಫಿನ ಇಳಿಜಾರಿನಿಂದ m ಸಿಗುತ್ತದೆ, ಸರಳಿನ ವ್ಯಾಸ D ಆದರೆ k = 4h/(m²D) ಎಂದು ವಾಹಕತೆ ಸಿಗುತ್ತದೆ. ಇಲ್ಲಿ ಸಿಕ್ಕಿಬೀಳುವುದು h, ಅಂದರೆ ಸರಳಿನ ಮೈಯ ಪ್ರತಿ ಚದರ ಮೀಟರ್‌ನಿಂದ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುತ್ತಲಿಗೆ ಶಾಖ ಹೋಗುವ ದರ. ತಾಪಮಾನಗಳು ಕೊಡುವುದು h ಮತ್ತು kಗಳ ಅನುಪಾತವನ್ನಷ್ಟೇ; ಎರಡನ್ನೂ ಬಿಡಿಬಿಡಿಯಾಗಿ ಕೊಡುವುದಿಲ್ಲ. ಕೈಪಿಡಿಯವರು h ಅನ್ನು ಸಹಜ ಸಂವಹನದ ಸೂತ್ರದಿಂದ ಲೆಕ್ಕ ಹಾಕುತ್ತಾರೆ. θ 25 ಡಿಗ್ರಿ ಇರುವಲ್ಲಿ ಅದು ಸುಮಾರು 9.3 ಬರುತ್ತದೆ. ಆದರೆ ಕಪ್ಪು ಬಣ್ಣ ಬಳಿದ ಸರಳು ವಿಕಿರಣದಿಂದಲೂ ಶಾಖ ಕಳೆದುಕೊಳ್ಳುತ್ತದೆ, ಆ ಪಾಲು ಮತ್ತೆ ಸುಮಾರು 6.6. ಅದನ್ನು ಬಿಟ್ಟರೆ, ವಾಹಕತೆ 200 ಇರುವ ಅಲ್ಯೂಮಿನಿಯಂ 132 ಎಂದು ತೋರುತ್ತದೆ. ಸೇರಿಸಿದರೆ 226ಕ್ಕೆ ಹಾರುತ್ತದೆ, ಏಕೆಂದರೆ h ಸರಳಿನುದ್ದಕ್ಕೂ ಒಂದೇ ಇರುವುದಿಲ್ಲ. ಬಿಸಿ ತುದಿಯಲ್ಲಿ ಹೆಚ್ಚು, ತಣ್ಣಗಿನ ಕಡೆ ಕಡಿಮೆ. ln θ ಗೆರೆ ನೇರವಾಗದೆ ಬುಡದಲ್ಲಿ ಕಡಿದಾಗಿ, ಮುಂದೆ ಸಪಾಟಾಗಿ ಬಾಗುವುದೂ ಇದರಿಂದಲೇ. ಆ ಬಾಗು ಕಂಡು ಥರ್ಮೋಕಪಲ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. (ವಾಹಕತೆಯ ಮಾನ ಎಲ್ಲ ಕಡೆ W/m·K, h ಮಾನ W/m²·K.)

ಎರಡನೇ ಸರಳು ಇರುವುದು ಈ ತೊಡಕು ಬಿಡಿಸಲಿಕ್ಕೇ. ಎರಡೂ ಸರಳಿನ ವ್ಯಾಸ, ಬಣ್ಣ ಮತ್ತು ಸುತ್ತಲಿನ ಗಾಳಿ ಒಂದೇ ಆಗಿದ್ದರೆ, ಒಂದು ನಿರ್ದಿಷ್ಟ ತಾಪಮಾನದಲ್ಲಿ ಎರಡರ h ಕೂಡ ಒಂದೇ. h ಹೇಗೆ ಬೇಕಾದರೂ ಬದಲಾಗಲಿ, ಒಂದು ಸರಳಿನ ತಾಪಮಾನದ ವಕ್ರರೇಖೆಯನ್ನು ಉದ್ದಕ್ಕೆ ಎಳೆದರೆ ಇನ್ನೊಂದರದ್ದು ಬರುತ್ತದೆ. ಎಳೆತದ ಪ್ರಮಾಣ ಎರಡು ಸರಳಿನ kಗಳ ಅನುಪಾತದ ವರ್ಗಮೂಲ. ಆದ್ದರಿಂದ ಇಳಿಜಾರು ಅಳೆಯುವುದೇ ಬೇಡ. ಎರಡು ತಾಪಮಾನ ಆರಿಸಿಕೊಂಡು, ಅವುಗಳ ನಡುವಿನ ಅಂತರವನ್ನು ಎರಡೂ ಸರಳಿನಲ್ಲಿ ಅಳೆದರೆ ಸಾಕು. ಸರಳುಗಳಿಗೆ ಮೇಣ ಬಳಿದು, ಅದು ಕರಗಿದ ಉದ್ದದ ವರ್ಗಗಳನ್ನು ಹೋಲಿಸಿದ ಇಂಗನ್‌ಹೌಸ್ ಪ್ರಯೋಗದ ತರ್ಕವೂ ಇದೇ.

ಒಂದು ಹಿತ್ತಾಳೆ ಸರಳಿನ ಲೆಕ್ಕ ನೋಡಿ. ಕೋಣೆ 28 ಡಿಗ್ರಿ. ಆರಿಸಿಕೊಂಡದ್ದು 68 ಮತ್ತು 38 ಡಿಗ್ರಿ. ಅಲ್ಯೂಮಿನಿಯಂನಲ್ಲಿ ಇವು 84 ಮತ್ತು 345 ಮಿ.ಮೀ.ನಲ್ಲಿ ಸಿಕ್ಕವು, ಅಂತರ 261. ಹಿತ್ತಾಳೆಯಲ್ಲಿ 63 ಮತ್ತು 258, ಅಂತರ 195. 38 ಡಿಗ್ರಿ ತೂತಿನ ಮೇಲೇ ಬೀಳುವುದಿಲ್ಲವಾದ್ದರಿಂದ ಅಕ್ಕಪಕ್ಕದ ಎರಡು ಓದುಗಳ (250ರಲ್ಲಿ 38.5, 300ರಲ್ಲಿ 35.6) ln θ ನಡುವೆ ನೇರಗೆರೆ ಎಳೆದು ಜಾಗ ಹುಡುಕಬೇಕು.

```
k = 200 × (195/261)² = 111.6
```

ಇದರಲ್ಲಿ h ಎಲ್ಲಿಯೂ ಬರಲಿಲ್ಲ. ಜಾಗ ಹುಡುಕುವಾಗ ಬಿಟ್ಟರೆ ಕೋಣೆಯ ತಾಪಮಾನವೂ ಬೇಕಾಗಲಿಲ್ಲ. ಎರಡು ಸರಳಿನ ಬುಡದ ತಾಪಮಾನ ಒಂದೇ ಇರಬೇಕೆಂದೂ ಇಲ್ಲ, ಹಾಗಾಗಿ ಒಂದು ಕಡೆ ಜೋಡಣೆ ಸ್ವಲ್ಪ ಸಡಿಲವಿದ್ದರೂ ನಡೆಯುತ್ತದೆ.

ಹಾಗಾದರೆ ತಪ್ಪು ಎಲ್ಲಿಂದ ಬರುತ್ತದೆ? ಮುಖ್ಯವಾಗಿ ಥರ್ಮೋಕಪಲ್‌ಗಳ ಪರಸ್ಪರ ವ್ಯತ್ಯಾಸದಿಂದ. 38 ಡಿಗ್ರಿಯ ಬಳಿ ರೇಖೆ ಸಪಾಟಾಗಿರುತ್ತದೆ. ಅಲ್ಲಿ ಅರ್ಧ ಡಿಗ್ರಿ ತಪ್ಪಿದರೆ ಅಲ್ಯೂಮಿನಿಯಂನಲ್ಲಿ ಜಾಗ 10 ಮಿ.ಮೀ. ಸರಿಯುತ್ತದೆ, ಉತ್ತರ ಶೇ. 8ರಷ್ಟು ಕೆಡುತ್ತದೆ. ಪರಿಹಾರ ಸುಲಭ: ರಾತ್ರಿಯಿಡೀ ಹೀಟರ್ ಆರಿಸಿಟ್ಟು, ಬೆಳಗ್ಗೆ ವಿದ್ಯುತ್ ಕೊಡುವ ಮೊದಲು ಇಪ್ಪತ್ತೂ ಓದುಗಳನ್ನು ಬರೆದುಕೊಳ್ಳಿ. ಎಲ್ಲವೂ ಒಂದೇ ಇರಬೇಕು. ಯಾವುದು ಎಷ್ಟು ಹೆಚ್ಚು-ಕಡಿಮೆ ತೋರಿಸಿತೋ ಅದನ್ನು ಮುಂದಿನ ಓದುಗಳಿಂದ ಕಳೆಯಿರಿ. ಈ ಕೆಲಸ ಬಿಟ್ಟು ತೆಗೆದ ಫಲಿತಾಂಶವನ್ನು ನಂಬಬೇಡಿ.

ವರ್ಷಗಳು ಕಳೆದಂತೆ ಕೆಟ್ಟದ್ದು ಎರಡು. ಮೊದಲನೆಯದು ತೂತುಗಳ ಥರ್ಮಲ್ ಪೇಸ್ಟ್. ಅದು ಒಣಗಿದರೆ ಥರ್ಮೋಕಪಲ್ ತುದಿ ಲೋಹಕ್ಕೆ ಅಂಟದೆ, ಅರ್ಧ ಲೋಹದ, ಅರ್ಧ ಗಾಳಿಯ ತಾಪಮಾನ ಹೇಳತೊಡಗುತ್ತದೆ. ಗುರುತು ಸ್ಪಷ್ಟ: ಪ್ರತಿ ಪ್ರಯೋಗದಲ್ಲೂ ಅದೇ ಒಂದು ಬಿಂದು ರೇಖೆಯ ಕೆಳಗೆ ಕೂರುತ್ತದೆ, ಬೆಳಗಿನ ತಣ್ಣನೆಯ ಓದಿನಲ್ಲಿ ಮಾತ್ರ ಸರಿಯಿರುತ್ತದೆ. ಎರಡನೆಯದು ಬಣ್ಣ. ಬುಡದ ಕಡೆ ಬಣ್ಣ ಚಕ್ಕೆ ಎದ್ದಾಗ ಒಳಗಿನ ಹೊಳೆಯುವ ಲೋಹ ಕಾಣುತ್ತದೆ; ಹೊಳಪು ಅಲ್ಯೂಮಿನಿಯಂ ಬಹಳ ಕಡಿಮೆ ವಿಕಿರಿಸುವುದರಿಂದ ಆ ಸರಳಿನ h ಇಳಿದು ಹೋಲಿಕೆಯೇ ಸುಳ್ಳಾಗುತ್ತದೆ. ಒಂದನ್ನೇ ತಿದ್ದಬೇಡಿ, ಎರಡಕ್ಕೂ ಒಂದೇ ಡಬ್ಬಿಯ ಮ್ಯಾಟ್ ಕಪ್ಪು ಬಣ್ಣವನ್ನು ತೆಳುವಾಗಿ ಹೊಸದಾಗಿ ಬಳಿಯಿರಿ.

ಫ್ಯಾನ್, ಎಸಿ ಎರಡೂ ಆರಿರಬೇಕು. ಗಾಳಿ ಒಂದು ಸರಳಿಗೆ ಹೆಚ್ಚು ತಾಗಿದರೆ ಮೇಲಿನ ತರ್ಕ ನಿಲ್ಲುವುದಿಲ್ಲ. ಅನುಮಾನವಿದ್ದರೆ ಸರಳುಗಳ ಜಾಗ ಅದಲುಬದಲು ಮಾಡಿ ಮತ್ತೊಮ್ಮೆ ಅಳೆಯಿರಿ. ಬ್ಲಾಕ್‌ನ ಬಿಸಿ ನೇರವಾಗಿ ಸರಳಿನ ಮೇಲೆ ಬೀಳದಂತೆ ಮುಂದೊಂದು ತಗಡಿನ ಮರೆ ಬೇಕು. ಉಪಕರಣದಲ್ಲಿ ಅದು ಬರುವುದಿಲ್ಲ, ಮಾಡಿಸಿಕೊಳ್ಳಬೇಕು.

ತಾಳ್ಮೆಯೂ ಬೇಕು. ಸರಳು ತನ್ನಷ್ಟಕ್ಕೆ ಸ್ಥಿರವಾಗಲು ಮುಕ್ಕಾಲು ಗಂಟೆ, ಬ್ಲಾಕ್ ಬಿಸಿಯಾಗುವ ಸಮಯ ಬೇರೆ. ಒಟ್ಟು ಎರಡು ಗಂಟೆ ಇಟ್ಟುಕೊಳ್ಳಿ. ಹತ್ತು ನಿಮಿಷದಲ್ಲಿ ಕೊನೆಯ ಥರ್ಮೋಕಪಲ್ 0.1 ಡಿಗ್ರಿಗಿಂತ ಹೆಚ್ಚು ಏರದಿದ್ದರೆ ಓದು ತೆಗೆಯಬಹುದು. ಅವಸರದಲ್ಲಿ ವೇರಿಯಾಕ್ ಮೇಲೆ ಕೆಳಗೆ ತಿರುಗಿಸಿದರೆ ಗಡಿಯಾರ ಮತ್ತೆ ಸೊನ್ನೆಯಿಂದ ಶುರು.

ದೊಡ್ಡ ದೂರು ಆಧಾರ ಸರಳಿನದು. ಪೆಟ್ಟಿಗೆಯೊಳಗಿನ ಚೀಟಿಯಲ್ಲಿ ಅಲ್ಯೂಮಿನಿಯಂ ವಾಹಕತೆ 237 ಎಂದು ಬರೆದಿತ್ತು. ಅದು ಶುದ್ಧ ಅಲ್ಯೂಮಿನಿಯಂನ ಬೆಲೆ. 6063 ಮಿಶ್ರಲೋಹದ್ದು ಸುಮಾರು 200, 6061-ಟಿ6ನದು 167ರ ಹತ್ತಿರ. ಚೀಟಿಯನ್ನು ನಂಬಿದ್ದರೆ ಮೇಲಿನ ಹಿತ್ತಾಳೆಗೆ 132 ಬರುತ್ತಿತ್ತು, ಮತ್ತೆ ಮತ್ತೆ ಅಳೆದರೂ ಅಷ್ಟೇ ಬರುತ್ತಿತ್ತು. ಕೊಳ್ಳುವಾಗ ಮಿಶ್ರಲೋಹದ ಸಂಖ್ಯೆಯಿರುವ ಪ್ರಮಾಣಪತ್ರ ಕೇಳಿ.

ಹಿತ್ತಾಳೆ, ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಈ ಉಪಕರಣ ಹೇಳಿ ಮಾಡಿಸಿದಂತಿದೆ. ತಾಮ್ರಕ್ಕೆ 1 ಮೀಟರ್ ಉದ್ದ ಗಡಿಗೆರೆ: ಶಾಖ ಸರಳಿನ ಕೊನೆಯವರೆಗೂ ಅಷ್ಟಿಷ್ಟು ತಲುಪುವುದರಿಂದ ‘ಅನಂತ ಉದ್ದ’ ಎಂಬ ಊಹೆ ಸಡಿಲವಾಗುತ್ತದೆ. ಕೆಳಗಿನ ತಾಪಮಾನವನ್ನು 38ರ ಬದಲು 48ಕ್ಕೆ ಏರಿಸಿದರೆ ಸುಧಾರಿಸುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಇದಕ್ಕೆ ಒಗ್ಗುವುದಿಲ್ಲ. ಅದರಲ್ಲಿ 68ರಿಂದ 38ಕ್ಕೆ ಇಳಿಯಲು 75 ಮಿ.ಮೀ. ಕೂಡ ಬೇಕಿಲ್ಲ, ಆ ಜಾಗದಲ್ಲಿ ಸಿಗುವುದು ಒಂದೋ ಎರಡೋ ತೂತು. 10 ಮಿ.ಮೀ.ಗೊಂದು ತೂತು ಕೊರೆದ ಬೇರೆ ಸರಳನ್ನೇ ತರಿಸಬೇಕಾಗುತ್ತದೆ.