ಸಹಿಗೆ ಮುನ್ನ ತಾಳೆ ನೋಡುವುದು: ಒಂದೇ ವರದಿ, ಮೂರು ವಿಧಾನ

ಕೊಳಚೆ ನೀರು ಶುದ್ಧೀಕರಣ ಘಟಕವೊಂದರ ವಿನ್ಯಾಸ ವರದಿ ಅಂತಿಮ ಸಹಿಗಾಗಿ ನನ್ನ ಮೇಜಿಗೆ ಬಂದಾಗ ಅದರಲ್ಲಿ 180 ಪುಟಗಳಿದ್ದವು. ಅದನ್ನು ಬರೆದವರು ಐದು ಮಂದಿ. ಪದಗಳು, ಅಂಕಿಗಳು ಮತ್ತು ಸಂಕ್ಷೇಪಗಳು ಆರಂಭದಿಂದ ಕೊನೆಯವರೆಗೆ ಒಂದೇ ರೀತಿಯಲ್ಲಿವೆಯೇ ಎಂದು ನೋಡಲು ನಾನು ಆ ಒಂದೇ ವರದಿಯ ಮೇಲೆ ಮೂರು ವಿಧಾನಗಳನ್ನು ಒಂದಾದ ಮೇಲೊಂದರಂತೆ ಪ್ರಯೋಗಿಸಿದೆ.

ಮೊದಲನೆಯದು ಮುದ್ರಿತ ಪ್ರತಿಯನ್ನು ಪೆನ್ಸಿಲ್ ಹಿಡಿದು ಓದುವುದು. ಪದಗಳ ವಿಷಯದಲ್ಲಿ ಇದಕ್ಕೆ ಸಾಟಿಯಿಲ್ಲ. ಮೂರನೆಯ ಅಧ್ಯಾಯದಲ್ಲಿ 'ಸೆಕೆಂಡರಿ ಕ್ಲಾರಿಫೈಯರ್' ಎನಿಸಿಕೊಂಡ ತೊಟ್ಟಿಯೇ ಆರನೆಯದರಲ್ಲಿ 'ಫೈನಲ್ ಸೆಟ್ಲಿಂಗ್ ಟ್ಯಾಂಕ್' ಆಗಿತ್ತು. ಹೊಸದಾಗಿ ಓದುವವರು ಅವು ಎರಡು ಬೇರೆ ತೊಟ್ಟಿಗಳೆಂದೇ ತಿಳಿಯುತ್ತಿದ್ದರು. ಎರಡು ಹೆಸರೂ ತಮ್ಮಷ್ಟಕ್ಕೆ ಸರಿಯಾಗಿರುವುದರಿಂದ ಅವು ಒಂದೇ ವಸ್ತುವನ್ನು ಸೂಚಿಸುತ್ತವೆ ಎಂಬುದು ಓದಿದವರಿಗೆ ಮಾತ್ರ ಹೊಳೆಯುತ್ತದೆ. ಆದರೆ ಅಂಕಿಗಳ ಮುಂದೆ ಈ ವಿಧಾನ ಸೋಲುತ್ತದೆ: 20ನೇ ಪುಟದಲ್ಲಿ ಕಂಡ ಸಂಖ್ಯೆ 130ನೇ ಪುಟಕ್ಕೆ ಬರುವ ಹೊತ್ತಿಗೆ ನೆನಪಿನಲ್ಲಿ ಉಳಿದಿರುವುದಿಲ್ಲ.

ಎರಡನೆಯದು ಸಂಕ್ಷೇಪಗಳನ್ನೆಲ್ಲ ಯಂತ್ರದಿಂದಲೇ ಹೆಕ್ಕಿಸುವುದು. ಪಿಡಿಎಫ್ ಪ್ರತಿಯನ್ನು ಬರಿಯ ಪಠ್ಯವಾಗಿಸಿ, ಕ್ಯಾಪಿಟಲ್ ಅಕ್ಷರಗಳ ಪದಗಳನ್ನು ಎಣಿಸಲು ಎರಡು ಸಾಲು ಸಾಕು:

```
pdftotext -layout report.pdf report.txt
grep -oE '\b[A-Z][A-Z0-9]+\b' report.txt | sort | uniq -c | sort -n
```

ಕಡಿಮೆ ಬಾರಿ ಬಂದವು ಪಟ್ಟಿಯ ಮೇಲ್ಭಾಗದಲ್ಲಿ ನಿಲ್ಲುತ್ತವೆ, ತಪ್ಪುಗಳು ಹೆಚ್ಚಾಗಿ ಇರುವುದೂ ಅಲ್ಲೇ. ಅರವತ್ತು ಸಲ `MLSS` ಎಂದಿರುವ ವರದಿಯಲ್ಲಿ ಒಂದೇ ಒಂದು `MSLS` ಕಂಡರೆ ಅದು ಅಕ್ಷರ ಅದಲುಬದಲಾದದ್ದು ಎನ್ನಲು ಯೋಚಿಸಬೇಕಾಗಿಲ್ಲ. ಪೂರ್ತಿ ಕ್ಯಾಪಿಟಲ್ ಅಕ್ಷರಗಳಲ್ಲಿರುವ ಶೀರ್ಷಿಕೆಗಳೂ ಪಟ್ಟಿಗೆ ನುಗ್ಗುತ್ತವೆ, ಅವನ್ನು ಕಣ್ಣಿನಿಂದಲೇ ದಾಟಿಹೋಗಬೇಕು. `kWh`ನಂಥ ಮಿಶ್ರ ರೂಪಗಳೂ ಚಿತ್ರವಾಗಿ ಅಂಟಿಸಿದ ನಕ್ಷೆಗಳೊಳಗಿನ ಬರಹವೂ ಇದಕ್ಕೆ ಸಿಗುವುದಿಲ್ಲ.

ಇದರ ನಿಜವಾದ ಮಿತಿ ಕಂಡದ್ದು `STP`ಯಲ್ಲಿ. ಎಂಬತ್ತಕ್ಕೂ ಹೆಚ್ಚು ಸಲ ಬಂದಿದ್ದ ಅದು ಪಟ್ಟಿಯಲ್ಲಿ ಅತ್ಯಂತ ನಿರುಪದ್ರವಿಯಂತೆ ಕಾಣುತ್ತಿತ್ತು. ಒಂದೊಂದೇ ಸಾಲು ತೆರೆದು ನೋಡಿದಾಗ, ಜೈವಿಕ ಅನಿಲದ ಅಧ್ಯಾಯದ ನಾಲ್ಕು ಕಡೆ ಅದರ ಅರ್ಥ ಶುದ್ಧೀಕರಣ ಘಟಕವಲ್ಲ, ಅನಿಲದ ಪ್ರಮಾಣ ಹೇಳಲು ಬಳಸುವ ನಿಗದಿತ ತಾಪ ಮತ್ತು ಒತ್ತಡ. ಆ ನಿಗದಿಯೂ ಒಂದೇ ಅಲ್ಲ: ಹಳೆಯ ವ್ಯಾಖ್ಯೆಯ ಒತ್ತಡ 101.325 ಕಿಲೋಪ್ಯಾಸ್ಕಲ್, ಐಯುಪಿಎಸಿ 1982ರಲ್ಲಿ ಅಂಗೀಕರಿಸಿದ್ದು 100. ಆದ್ದರಿಂದ ವಿಸ್ತರಣೆ ಬರೆದರಷ್ಟೇ ಸಾಲದೆ, ಆ ನಾಲ್ಕೂ ಕಡೆ ತಾಪ ಮತ್ತು ಒತ್ತಡವನ್ನು ಅಂಕಿಯಲ್ಲೇ ಬರೆಸಬೇಕಾಯಿತು.

ಮೂರನೆಯದು ಅಂಕಿಗಳ ದಾಖಲೆ. ಇದು ಬಹಳ ಬೇಸರದ ಕೆಲಸ, ನನಗಂತೂ ಎರಡು ದಿನ ಹಿಡಿಯಿತು. ಮುಖ್ಯ ಪರಿಮಾಣಗಳನ್ನು ಮಾತ್ರ ಆರಿಸಿಕೊಂಡು, ಪ್ರತಿಯೊಂದಕ್ಕೂ ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಸಾಲು ತೆರೆದು, ಅದು ಬರುವ ಪ್ರತಿ ಪುಟ, ಅಲ್ಲಿನ ಬೆಲೆ, ಏಕಮಾನ ಮತ್ತು ಒಂದೇ ಏಕಮಾನಕ್ಕೆ ಪರಿವರ್ತಿಸಿದ ಬೆಲೆಯನ್ನು ಬರೆಯಬೇಕು. ಈ ಕೊನೆಯ ಕಾಲಂ ಇಲ್ಲದಿದ್ದರೆ ಉಳಿದ ಶ್ರಮವೆಲ್ಲ ವ್ಯರ್ಥ.

ನಮ್ಮ ವರದಿಯ ಸರಾಸರಿ ಹರಿವು ದಿನಕ್ಕೆ 12,500 ಘನ ಮೀಟರ್. ಸಾರಾಂಶದಲ್ಲಿ ಗರಿಷ್ಠ ಹರಿವು 31,250 ಎಂದಿತ್ತು, ಅಂದರೆ ಸರಾಸರಿಯ ಎರಡೂವರೆ ಪಟ್ಟು. ಪಂಪುಗಳ ಅಧ್ಯಾಯದಲ್ಲಿ ಅದೇ ಗರಿಷ್ಠ ಹರಿವು ಸೆಕೆಂಡಿಗೆ 326 ಲೀಟರ್. ಏಕಮಾನ ಬೇರೆಯಾದ್ದರಿಂದ ಇವೆರಡನ್ನೂ ಓದಿದ ನನಗೆ ಏನೂ ಅನ್ನಿಸಿರಲಿಲ್ಲ. 31,250 ಎಂದು ಹುಡುಕಿದರೆ 326 ಸಿಗುವ ಮಾತೇ ಇಲ್ಲ. ಪರಿವರ್ತನೆಯ ಕಾಲಂನಲ್ಲಿ 326ನ್ನು 86.4ರಿಂದ ಗುಣಿಸಿದಾಗ ಬಂದದ್ದು ಸುಮಾರು 28,170, ಅಂದರೆ ಸರಾಸರಿಯ ಎರಡೂಕಾಲು ಪಟ್ಟು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಹಿಂದಿನ ಕರಡಿನಲ್ಲಿ ಗುಣಕ 2.25 ಇತ್ತು, ಅದನ್ನು 2.5ಕ್ಕೆ ಏರಿಸಿದಾಗ ಪಂಪುಗಳ ಅಧ್ಯಾಯ ಬರೆದವರಿಗೆ ಯಾರೂ ಹೇಳಿರಲಿಲ್ಲ. ಅಲ್ಲಿ ಇರಬೇಕಾದದ್ದು 362. ಅಂಕಿಯೊಂದನ್ನು ತಿದ್ದಿದರೆ ಮುಗಿಯುವ ತಪ್ಪಲ್ಲ ಇದು, ಏಕೆಂದರೆ ಪಂಪುಗಳ ಆಯ್ಕೆಯೇ ಅದರ ಮೇಲೆ ನಿಂತಿತ್ತು.

ಸಮಯವಿರುವುದು ಒಂದೇ ವಿಧಾನಕ್ಕೆ ಎಂದಾದರೆ ನಾನು ಅಂಕಿಗಳ ದಾಖಲೆಯನ್ನೇ ಆರಿಸುತ್ತೇನೆ. ಮೂರಕ್ಕೂ ಅವಕಾಶವಿದ್ದರೆ ಕ್ರಮ ಬದಲಿಸುತ್ತೇನೆ: ಅರ್ಧ ಗಂಟೆಯ ಸಂಕ್ಷೇಪ ಪಟ್ಟಿ ಮೊದಲು, ಆಮೇಲೆ ದಾಖಲೆ, ಓದು ಕೊನೆಗೆ. ನಾನು ಓದನ್ನು ಮೊದಲು ಮಾಡಿದ್ದರಿಂದ, ಪಂಪುಗಳ ಅಧ್ಯಾಯವನ್ನು ಹೊಸದಾಗಿ ಬರೆದ ಮೇಲೆ ಅದನ್ನು ಮತ್ತೊಮ್ಮೆ ಪೂರ್ತಿ ಓದಬೇಕಾಯಿತು, ಆಗ ಅಲ್ಲಿ 'ಫೈನಲ್ ಸೆಟ್ಲಿಂಗ್ ಟ್ಯಾಂಕ್' ಮತ್ತೆ ಬಂದು ಕೂತಿತ್ತು.