ವ್ಯಾಕ್ಸಿಂಗ್ ಗುಳ್ಳೆಗೆ ಪಾರ್ಲರ್‌ನವರು ಕೊಡುವ ಬಿಳಿ ಡಬ್ಬಿ ಕ್ರೀಮ್ ಹಚ್ಚಬೇಡಿ

ಮೊದಲೇ ಹೇಳಿಬಿಡುತ್ತೇನೆ, ಕೊನೆವರೆಗೆ ಓದುವಷ್ಟು ಪುರುಸೊತ್ತು ಎಲ್ಲರಿಗೂ ಇರಲ್ಲ. ವ್ಯಾಕ್ಸಿಂಗ್ ಆದ ಮೇಲೆ ಕಾಲಲ್ಲಿ ಗುಳ್ಳೆ ಎದ್ದು, ಪಾರ್ಲರ್‌ನವರು ಹೆಸರಿಲ್ಲದ ಪುಟ್ಟ ಡಬ್ಬಿಯಲ್ಲಿ ಕ್ರೀಮ್ ಕೊಟ್ಟರೆ ತಗೋಬೇಡಿ. ದುಡ್ಡಿಲ್ಲದೆ ಕೊಟ್ಟರೂ ಬೇಡ. ನಾನು ಅದಕ್ಕೆ 250 ರೂಪಾಯಿ ಬೇರೆ ಕೊಟ್ಟಿದ್ದೆ.

ನಮ್ಮ ದಾವಣಗೆರೆಯಲ್ಲೇ ನಡೆದದ್ದು. ಪಾರ್ಲರ್ ಹೆಸರು ಹಾಕಲ್ಲ. ತಂಗಿ ಮದುವೆ ಹತ್ತಿರ ಬಂದಿತ್ತು, ಒಂದು ಪ್ಯಾಕೇಜ್ ತಗೊಂಡೆ. ಕೈ, ಪೂರ್ತಿ ಕಾಲು, ಕಂಕುಳು. ಹದಿನೈದು ದಿನಕ್ಕೊಮ್ಮೆ ಬನ್ನಿ, ಮದುವೆ ಹೊತ್ತಿಗೆ ಕೂದಲು ಬೆಳೆಯೋದೇ ನಿಂತುಹೋಗುತ್ತೆ ಅಂದರು. ಈ ಹದಿನೈದು ದಿನ ಅನ್ನೋದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ವ್ಯಾಕ್ಸ್ ಮಾಡಿಸಿದ ದಿನ ಚರ್ಮ ಕೆಂಪಾಗೋದು, ಸಣ್ಣ ಸಣ್ಣ ಚುಕ್ಕೆ ಏಳೋದು ನಮಗೆಲ್ಲ ಗೊತ್ತು. ಒಂದೆರಡು ದಿನದಲ್ಲಿ ಇಳಿದುಹೋಗುತ್ತೆ. ನನಗೆ ಇಳಿಯಲಿಲ್ಲ. ತೊಡೆ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳು ಎದ್ದವು, ತುದಿಯಲ್ಲಿ ಹಳದಿ ಕೀವು, ಕೀವಿನ ಮಧ್ಯೆ ಒಂದು ಕೂದಲು. ಮುಟ್ಟಿದರೆ ಉರಿ. ಲೆಗ್ಗಿಂಗ್ಸ್ ಹಾಕೋಕೆ ಆಗುತ್ತಿರಲಿಲ್ಲ. ಆಫೀಸಿನ ಕುರ್ಚಿಯಲ್ಲಿ ಕೂತರೆ ಏಳುವಾಗ ಮುಖ ಕಿವುಚಿಕೊಳ್ಳುತ್ತಿದ್ದೆ. ಯಾರಿಗೆ ಹೇಳೋದು ಇದನ್ನ?

ಪಾರ್ಲರ್‌ಗೆ ಫೋಟೋ ಕಳಿಸಿದೆ. ಬಂದ ಉತ್ತರ: "ಬಾಡಿ ಹೀಟ್ ಮೇಡಂ. ಎಳನೀರು ಕುಡೀರಿ." ಹೋಗಿ ತೋರಿಸಿದೆ. ಆ ಹುಡುಗಿ ಒಂದು ಚಿಮಟ ತಂದು ಎರಡು ಗುಳ್ಳೆ ಕೆದಕಿದಳು. ಆಮೇಲೆ ಓನರ್ ಬಂದು, "ನಿಮ್ದು ಸೆನ್ಸಿಟಿವ್ ಸ್ಕಿನ್ ಮೇಡಂ. ಮೊದಲು ರೇಜರ್ ಹಾಕ್ತಿದ್ರಲ್ಲ, ಅದರ ಎಫೆಕ್ಟ್ ಈಗ ಹೊರಗೆ ಬರ್ತಿದೆ. ಇನ್ನೊಂದೆರಡು ಸಲ ವ್ಯಾಕ್ಸ್ ಮಾಡಿಸಿ, ತಾನಾಗೇ ಹೋಗುತ್ತೆ," ಅಂದರು. ಗುಳ್ಳೆ ತಂದದ್ದು ವ್ಯಾಕ್ಸ್, ಔಷಧಿಯೂ ವ್ಯಾಕ್ಸೇ! ಜೊತೆಗೆ ಆ ಬಿಳಿ ಡಬ್ಬಿ. "ನಮ್ಮ ಪಾರ್ಲರ್ ಸ್ಪೆಷಲ್, ಹರ್ಬಲ್, ರಾತ್ರಿ ಹಚ್ಚಿ ಮಲಗಿ."

ಹಚ್ಚಿದೆ. ಎರಡೇ ದಿನಕ್ಕೆ ಕೆಂಪು ಮಾಯ, ಉರಿ ಮಾಯ. ಖುಷಿಯಾಗಿ ಥ್ಯಾಂಕ್ಸ್ ಮೆಸೇಜ್ ಕೂಡ ಹಾಕಿದೆ. ಈಗ ಆ ಮೆಸೇಜ್ ನೋಡಿದರೆ ಮೈಯೆಲ್ಲ ಉರಿಯುತ್ತೆ. ಕ್ರೀಮ್ ನಿಲ್ಲಿಸಿದ ವಾರದೊಳಗೆ ಗುಳ್ಳೆ ವಾಪಸ್ ಬಂತು, ಮೊದಲಿಗಿಂತ ಜಾಸ್ತಿ. ಮತ್ತೆ ಹಚ್ಚಿದೆ, ಮತ್ತೆ ಇಳಿಯಿತು, ಬಿಟ್ಟರೆ ಮತ್ತೆ ಬಂತು. ನಡುವೆ ಪ್ಯಾಕೇಜಿನ ವ್ಯಾಕ್ಸಿಂಗ್ ಬೇರೆ ನಡೀತಾನೇ ಇತ್ತು. ಡಬ್ಬಿ ಖಾಲಿಯಾದರೆ ಇನ್ನೊಂದು ಡಬ್ಬಿ, ಇನ್ನೊಂದು 250.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆ. ಅವರು ಗುಳ್ಳೆ ನೋಡುವ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ. "ಏನು ಹಚ್ಚಿದ್ರಿ?" ಹರ್ಬಲ್ ಕ್ರೀಮ್ ಅಂದೆ. ನಕ್ಕರು. "ಎರಡು ದಿನದಲ್ಲಿ ಕೆಂಪು ಇಳಿಸಿ, ಬಿಟ್ಟ ತಕ್ಷಣ ವಾಪಸ್ ಬಂತು ಅಂದ್ರೆ ಅದು ಹರ್ಬಲ್ ಅಲ್ಲಮ್ಮ. ಟ್ಯೂಬಿನ ಹೆಸರು ಕೇಳ್ಕೊಂಡು ಬನ್ನಿ."

ಅಲ್ಲಿಂದ ನೇರ ಪಾರ್ಲರ್‌ಗೆ ಹೋದೆ. ಓನರ್ ಇರಲಿಲ್ಲ. ಡಬ್ಬಿ ಖಾಲಿಯಾಗಿದೆ, ಇನ್ನೊಂದು ಕೊಡಮ್ಮ ಅಂದೆ. ಹುಡುಗಿ ಪಾಪ, ಏನೂ ಯೋಚಿಸದೆ ನನ್ನ ಎದುರಿಗೇ ಕೌಂಟರ್ ಡ್ರಾ ಎಳೆದಳು. ಒಳಗೆ ಖಾಲಿ ಬಿಳಿ ಡಬ್ಬಿಗಳು, ಪಕ್ಕದಲ್ಲಿ ಹಿಂಡಿ ಹಿಂಡಿ ಸುರುಟಿದ ಮೆಡಿಕಲ್ ಸ್ಟೋರ್ ಟ್ಯೂಬುಗಳು. ಒಂದನ್ನು ಎತ್ತಿಕೊಂಡೆ. ಮೇಲೆ ಕೆಂಪು ಗೆರೆ. ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಎಚ್ಚರಿಕೆ. ಅದರ ಕೆಳಗೆ ಕ್ಲೋಬೆಟಸಾಲ್, ಜೊತೆಗೆ ಒಂದು ಆಂಟಿಬಯೋಟಿಕ್, ಒಂದು ಫಂಗಸ್ ಔಷಧಿ. ನನ್ನ "ಹರ್ಬಲ್ ಸ್ಪೆಷಲ್" ಇದು! ಅಲ್ಲೇ ನಿಂತು ಫೋಟೋ ತೆಗೆದೆ. ಹುಡುಗಿ ಮುಖ ಬಿಳಿಚಿಕೊಂಡಿತು. "ಅಕ್ಕ, ಮೇಡಂಗೆ ಹೇಳ್ಬೇಡಿ," ಅಂದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಕ್ಲೋಬೆಟಸಾಲ್ ಅಂದರೆ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ತುಂಬಾ ಸ್ಟ್ರಾಂಗ್ ಆದದ್ದು. ಡಾಕ್ಟರ್ ಬಿಡಿಸಿ ಹೇಳಿದರು. ಗುಳ್ಳೆ ಕೆಂಪಾಗೋದು, ಊದೋದು ಎಂದರೆ ನಮ್ಮ ದೇಹ ರೋಗಾಣು ಜೊತೆ ಹೊಡೆದಾಡ್ತಿದೆ ಅಂತ. ಸ್ಟೀರಾಯ್ಡ್ ಆ ಹೊಡೆದಾಟವನ್ನೇ ನಿಲ್ಲಿಸುತ್ತೆ. ನೋಡೋಕೆ ವಾಸಿಯಾದ ಹಾಗೆ ಕಾಣುತ್ತೆ, ಒಳಗೆ ರೋಗಾಣು ಆರಾಮಾಗಿ ಬೆಳೆಯುತ್ತೆ. ಜೊತೆಗಿರುವ ಆಂಟಿಬಯೋಟಿಕ್ ಇದ್ದೂ ಇಲ್ಲದ ಹಾಗೆ. ಮನಸ್ಸಿಗೆ ಬಂದಾಗ ಹಚ್ಚಿ, ಬಿಟ್ಟು ಮಾಡಿದರೆ ರೋಗಾಣು ಅದಕ್ಕೂ ಒಗ್ಗಿಕೊಳ್ಳಬಹುದು. ಹೆಚ್ಚು ದಿನ ಹಚ್ಚಿದರೆ ಸ್ಟೀರಾಯ್ಡೇ ಗುಳ್ಳೆ ಎಬ್ಬಿಸುತ್ತೆ. ತೊಡೆಯ ಒಳಭಾಗ, ಕಂಕುಳಲ್ಲಿ ಚರ್ಮ ತೆಳು, ಅಲ್ಲಿ ಔಷಧಿ ಜಾಸ್ತಿ ಒಳಗೆ ಹೋಗುತ್ತೆ. ಚರ್ಮ ಇನ್ನೂ ತೆಳುವಾಗಿ ಬಸುರಿನ ಗೆರೆ ಥರ ಸೀಳು ಗೆರೆ ಬಂದರೆ ಅವು ಪೂರ್ತಿ ಹೋಗಲ್ಲವಂತೆ. ನನ್ನ ಬಲ ತೊಡೆಯ ಒಳಗೆ ಎರಡು ಬಂದಿವೆ.

ನನ್ನ ಕಾಲಲ್ಲಿ ಇದ್ದದ್ದು ಒಂದು ತೊಂದರೆಯಲ್ಲ, ಎರಡು. ಕೀವು ತುಂಬಿದವು ಫಾಲಿಕ್ಯುಲೈಟಿಸ್, ಅಂದರೆ ಕೂದಲ ಬುಡದ ಸೋಂಕು. ಸಾಮಾನ್ಯವಾಗಿ ಸ್ಟ್ಯಾಫ್ ಅನ್ನೋ ಬ್ಯಾಕ್ಟೀರಿಯಾದಿಂದ ಬರುತ್ತೆ. ವ್ಯಾಕ್ಸ್ ಆದ ಕೆಲವೇ ದಿನದಲ್ಲಿ ಏಳುತ್ತೆ. ಇನ್ನು ಕೆಲವು ಗಟ್ಟಿ ಗಂಟುಗಳು, ಕೀವಿಲ್ಲ. ಬೆಳಕಲ್ಲಿ ಚರ್ಮ ಸ್ವಲ್ಪ ಎಳೆದು ನೋಡಿದರೆ ಒಳಗೆ ಕಪ್ಪು ಕೂದಲು ಸುರುಳಿ ಸುತ್ತಿ ಮಲಗಿದ್ದು ಕಾಣುತ್ತೆ. ಅವು ಇನ್‌ಗ್ರೋನ್ ಹೇರ್, ಹೊರಗೆ ಬರಬೇಕಾದ ಕೂದಲು ಒಳಗೇ ಬೆಳೆದದ್ದು. ಅವು ಬರೋದು ತಡವಾಗಿ, ಕೂದಲು ಮತ್ತೆ ಬೆಳೆಯೋಕೆ ಶುರುವಾದ ಮೇಲೆ.

ಈಗ ಆ ಹದಿನೈದು ದಿನದ ವಿಷಯ. ವ್ಯಾಕ್ಸ್ ಹಿಡಿಯಬೇಕಾದರೆ ಕೂದಲು ಹೆಚ್ಚುಕಡಿಮೆ ಕಾಲು ಇಂಚು, ಅಂದರೆ 6 ಮಿಲಿಮೀಟರ್ ಉದ್ದ ಇರಬೇಕು. ಅಷ್ಟು ಬೆಳೆಯೋಕೆ ಮೂರ್ನಾಲ್ಕು ವಾರ ಬೇಕೇ ಬೇಕು. ಹದಿನೈದು ದಿನದ ಮೋಟು ಕೂದಲನ್ನು ಎಳೆದರೆ ಎಷ್ಟೋ ಸಲ ಬುಡಸಮೇತ ಬರಲ್ಲ, ಚರ್ಮದ ಕೆಳಗೆ ಮುರಿಯುತ್ತೆ. ಮುರಿದ ಚೂಪು ತುದಿ ದಾರಿ ತಪ್ಪಿ ಪಕ್ಕದ ಚರ್ಮಕ್ಕೇ ಚುಚ್ಚುತ್ತೆ. ಗುಂಗುರು ಕೂದಲಿನವರಿಗೆ ಇದು ಇನ್ನೂ ಜಾಸ್ತಿ, ನಂದು ಗುಂಗುರೇ. ಪ್ಯಾಕೇಜ್ ಬೇಗ ಮುಗಿಸಿ ಇನ್ನೊಂದು ಮಾರಬೇಕು, ಅದಕ್ಕೆ ಹದಿನೈದು ದಿನ. ಬೇರೆ ಕಾರಣ ನನಗೆ ತೋಚುತ್ತಿಲ್ಲ.

ಸೋಂಕು ಎಲ್ಲಿಂದ ಬಂತು ಅಂತ ಖಚಿತವಾಗಿ ಹೇಳೋಕೆ ಆಗಲ್ಲ, ನಮ್ಮ ಚರ್ಮದ ಮೇಲೂ ಆ ಬ್ಯಾಕ್ಟೀರಿಯಾ ಇರಬಹುದು ಅಂದರು ಡಾಕ್ಟರ್. ಆದರೆ ನಾನು ಕಣ್ಣಾರೆ ನೋಡಿದ್ದೇನಲ್ಲ. ಒಂದೇ ಹೀಟರ್ ಡಬ್ಬಿ, ಒಂದೇ ಚಪ್ಪಟೆ ಚಾಕು. ಕಾಲಿಗೆ ಸವರಿ ಮತ್ತೆ ಡಬ್ಬಿಗೆ ಅದ್ದೋದು, ಮತ್ತೆ ಸವರೋದು. ನನಗಿಂತ ಮುಂಚೆ ಬಂದವರಿಗೂ ಅದೇ. ವ್ಯಾಕ್ಸ್ ಬಿಸಿ ಇರುತ್ತಲ್ಲ, ಕ್ರಿಮಿ ಸಾಯುತ್ತೆ ಅಂತ ಪಾರ್ಲರ್‌ನವರ ವಾದ. ಚರ್ಮ ತಡೆಯುವಷ್ಟು ಬಿಸಿಗೆ ಕ್ರಿಮಿ ಸಾಯುತ್ತೆ ಅಂತ ನಂಬೋಕಾಗಲ್ಲ.

ಡಾಕ್ಟರ್ ಕ್ರೀಮ್, ವ್ಯಾಕ್ಸ್, ರೇಜರ್ ಮೂರೂ ಬಂದ್ ಮಾಡಿಸಿದರು. ಮೊದಲ ದಿನಗಳಲ್ಲಿ ಜಾಸ್ತಿಯಾಗುತ್ತೆ, ಹೆದರಿ ಮತ್ತೆ ಆ ಕ್ರೀಮ್ ಮುಟ್ಟಬೇಡಿ ಅಂದರು, ಹಾಗೇ ಆಯಿತು. ಬಿಸಿನೀರಲ್ಲಿ ಹಿಂಡಿದ ಬಟ್ಟೆ ದಿನಕ್ಕೆ ಎರಡು ಮೂರು ಸಲ, ಹತ್ತು ನಿಮಿಷ. ಸ್ನಾನದಲ್ಲಿ ಬೆನ್ಜಾಯ್ಲ್ ಪೆರಾಕ್ಸೈಡ್ ವಾಶ್ ಹಚ್ಚಿ ಒಂದೆರಡು ನಿಮಿಷ ಬಿಟ್ಟು ತೊಳೆಯೋದು. ಅದು ಬಟ್ಟೆಯ ಬಣ್ಣ ತೆಗೆಯುತ್ತೆ, ನನ್ನ ಮೆರೂನ್ ಟವಲ್ ತುಂಬ ಕಿತ್ತಳೆ ಕಲೆ. ನನಗೆ ನುಂಗುವ ಆಂಟಿಬಯೋಟಿಕ್ ಕೂಡ ಕೊಟ್ಟರು. ಹೆಸರು ಬರೆಯಲ್ಲ, ನೀವು ಅದನ್ನೇ ಮೆಡಿಕಲ್‌ನಲ್ಲಿ ಕೇಳ್ತೀರಿ ಅಂತ ಗೊತ್ತು. ಕೀವು ಇಳಿದ ಮೇಲೆ ಗಂಟುಗಳಿಗೆ ಸ್ಯಾಲಿಸಿಲಿಕ್ ಆಸಿಡ್ ಇರುವ ಲೋಶನ್. ಸುರುಳಿ ಕೂದಲನ್ನು ಪಿನ್ನಿಂದ ಅಗೆಯಬಾರದು. ಮೇಲೆಯೇ ಕುಣಿಕೆ ಕಂಡರೆ ಶುದ್ಧ ಮಾಡಿದ ಸೂಜಿಯಿಂದ ತುದಿ ಎತ್ತಿ ಬಿಡಬಹುದು, ಕೀಳಬಾರದು. ಕಿತ್ತರೆ ಅದೇ ಕೂದಲು ಮತ್ತೆ ಒಳಗೇ ಬೆಳೆಯಬಹುದು. ಜ್ವರ ಬಂದರೆ, ಗುಳ್ಳೆ ದೊಡ್ಡ ಕುರುವಾದರೆ ಕಾಯಬೇಡಿ, ಹೋಗಿ ತೋರಿಸಿ. ಪದೇ ಪದೇ ಬರುತ್ತಿದ್ದರೆ ಶುಗರ್ ಕೂಡ ನೋಡಿಸಿ.

ಈಗ ನಾನು ಟ್ರಿಮ್ಮರ್ ಮಾತ್ರ ಬಳಸ್ತೀನಿ. ಒಂದು ಮಿಲಿಮೀಟರ್ ಕೂದಲು ಉಳಿಯುತ್ತೆ, ಉಳಿಯಲಿ. ರೇಜರ್ರೇ ಬೇಕು ಅನ್ನೋರು ಸ್ನಾನದ ಕೊನೆಗೆ, ಕೂದಲು ಮೆತ್ತಗಾದ ಮೇಲೆ, ಜೆಲ್ ಹಚ್ಚಿ, ಕೂದಲು ಬೆಳೆಯುವ ದಿಕ್ಕಿಗೇ ಎಳೆಯಿರಿ. ಚರ್ಮ ಬಿಗಿಯಾಗಿ ಎಳೆದು ಹಿಡಿಯಬೇಡಿ. ಎಳೆದು ಕತ್ತರಿಸಿದ ಕೂದಲು ಬಿಟ್ಟ ತಕ್ಷಣ ಚರ್ಮದ ಕೆಳಗೆ ಹೋಗುತ್ತೆ, ಗಂಟು ಶುರುವಾಗೋದು ಅಲ್ಲಿಂದಲೇ. ಪಾರ್ಲರ್‌ಗೇ ಹೋಗೋರು ಒಮ್ಮೆ ಅದ್ದಿ ಬಿಸಾಡುವ ಕಡ್ಡಿ ಇದೆಯಾ ಕೇಳಿ. ಮುಖ ಗಂಟಿಕ್ಕಿದರೆ ಎದ್ದು ಬನ್ನಿ. ವ್ಯಾಕ್ಸ್ ಆದ ಒಂದೆರಡು ದಿನ ಬಿಗಿ ಪ್ಯಾಂಟ್ ಬೇಡ, ಜಿಮ್ ಬೆವರು ಬೇಡ.

ಓನರ್‌ಗೆ ಟ್ಯೂಬ್ ಫೋಟೋ ಕಳಿಸಿದಾಗ ಬಂದ ವಾಯ್ಸ್ ಮೆಸೇಜ್ ಇನ್ನೂ ಇದೆ. "ಮೇಡಂ, ಎಷ್ಟೋ ಜನಕ್ಕೆ ಕೊಡ್ತೀವಿ, ಯಾರೂ ಕಂಪ್ಲೇಂಟ್ ಮಾಡಿಲ್ಲ. ನಿಮಗೊಬ್ಬರಿಗೇ ಯಾಕೆ ಹೀಗಾಗುತ್ತೆ? ಅದು ಮೆಡಿಕಲ್‌ನಲ್ಲೇ ಸಿಗುತ್ತಲ್ಲ, ಡೇಂಜರ್ ಆಗಿದ್ರೆ ಮಾರ್ತಿದ್ರಾ?" ಎಷ್ಟೋ ಜನಕ್ಕೆ ಕೊಡ್ತಾರಂತೆ! ನಾನು ಈ ಬರಹ ಬರೆಯೋಕೆ ಕೂತಿದ್ದೇ ಆ ಮಾತು ಕೇಳಿ. ಹರ್ಬಲ್ ಅಂತ ಯಾಕೆ ಹೇಳಿದ್ರಿ ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ, ಎರಡು ನೀಲಿ ಟಿಕ್ ಅಷ್ಟೇ.

ಉಳಿದ ಪ್ಯಾಕೇಜ್ ದುಡ್ಡು ವಾಪಸ್ ಕೇಳಿದೆ. ರಿಫಂಡ್ ಪಾಲಿಸಿ ಇಲ್ವಂತೆ. ಕಾಲಿನ ಕಪ್ಪು ಕಲೆಗೆ ಡಿ-ಟ್ಯಾನ್ ಮಾಡ್ಕೊಡ್ತಾರಂತೆ, ಅದರಲ್ಲಿ ಅಡ್ಜಸ್ಟ್ ಮಾಡ್ಕೋಬೇಕಂತೆ. ಆ ಕಲೆ ಬಿಸಿಲಿನದ್ದಲ್ಲ, ಗುಳ್ಳೆ ಬಿಟ್ಟು ಹೋದದ್ದು, ತಿಂಗಳುಗಟ್ಟಲೆ ತಗೊಂಡು ತಾನಾಗಿ ತಿಳಿಯಾಗಬೇಕು. ಟ್ಯೂಬಿನಿಂದ ತೆಗೆದು ಹೆಸರಿಲ್ಲದ ಡಬ್ಬಿಗೆ ತುಂಬಿ ಮಾರೋದಕ್ಕೆ ಕಾನೂನಲ್ಲಿ ಅವಕಾಶ ಇಲ್ಲ, ಔಷಧ ನಿಯಂತ್ರಣ ಇಲಾಖೆಗೆ ಫೋಟೋ ಸಮೇತ ದೂರು ಬರೆದು ಹಾಕಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಬಿಸಾಡಬೇಡಿ, ಚರ್ಮದ ಡಾಕ್ಟರ್ ಹತ್ತಿರ ಹೋಗುವಾಗ ಜೊತೆಗೆ ತಗೊಂಡು ಹೋಗಿ.